ಪವಾಡವನ್ನು ಸೋಸಿ ತೆಗೆದರೆ ಇತಿಹಾಸ ಉಳಿಯುತ್ತದೆಯೇ?

ಪ್ರಶ್ನೆ: ತುಮಕೂರಿನಲ್ಲಿ ಇತಿಹಾಸ ಎಂ.ಎ. ಓದುತ್ತಿದ್ದೇನೆ. ಶರಣರ ಚರಿತ್ರೆಗಳ ತುಂಬ ಪವಾಡಗಳೇ ಇವೆ. ಪವಾಡ ಬಿಟ್ಟು ಉಳಿದದ್ದನ್ನು ಆಕರವೆಂದು ನಂಬಬಹುದೇ?

ಹಾಗೆ ನಂಬಲಾಗದು. ತುಮಕೂರಿನಲ್ಲೇ ಇತಿಹಾಸ ಪಾಠ ಹೇಳುವ ನಾನು ಇದನ್ನು ವಿವರಿಸಲು ಏಕಾಂತದ ರಾಮಯ್ಯನ ಕಥೆಯನ್ನು ಆರಿಸಿಕೊಳ್ಳುತ್ತೇನೆ. ಅದು ಹರಿಹರನ ರಗಳೆಯಲ್ಲಿಯೂ ಇದೆ, ಹಾವೇರಿ ಜಿಲ್ಲೆಯ ಅಬ್ಬಲೂರಿನ ದೇವಾಲಯದಲ್ಲಿರುವ ಸುಮಾರು ಕ್ರಿ.ಶ. 1200ರ ಶಾಸನದಲ್ಲಿಯೂ ಇದೆ.

ಶಾಸನದ ಪ್ರಕಾರ, ಶಿವಭಕ್ತನಾದ ರಾಮಯ್ಯ ತನ್ನ ತಲೆಯನ್ನು ಕತ್ತರಿಸಿಕೊಂಡು ಮತ್ತೆ ಪಡೆಯುವುದಾಗಿ ಅಬ್ಬಲೂರಿನ ಜೈನರೊಡನೆ ಪಣ ಕಟ್ಟುತ್ತಾನೆ, ಅವರು ಅದನ್ನು ಓಲೆಯಲ್ಲಿ ಬರೆದುಕೊಡುತ್ತಾರೆ. ಏಳು ದಿನಗಳ ಮೇಲೆ ತಲೆ ಕೂಡಿಕೊಳ್ಳುತ್ತದೆ. ಅವರು ಮಾತಿಗೆ ತಪ್ಪಿದಾಗ ರಾಮಯ್ಯ ಜಿನಬಿಂಬವನ್ನು ಒಡೆಯುತ್ತಾನೆ, ದೂರು ಕೇಳಿದ ಬಿಜ್ಜಳ ಕೊನೆಗೆ ರಾಮಯ್ಯನಿಗೇ ಜಯಪತ್ರ ಕೊಡುತ್ತಾನೆ. ಮುಂದೆ ಚಾಲುಕ್ಯ ನಾಲ್ಕನೆಯ ಸೋಮೇಶ್ವರನೂ ಕದಂಬ ಕಾಮದೇವನೂ ದತ್ತಿ ಬಿಡುತ್ತಾರೆ.

ಶಾಸನವೆಂದರೆ ಸತ್ಯ, ಕಾವ್ಯವೆಂದರೆ ಕಲ್ಪನೆ ಎಂಬ ವಿಂಗಡಣೆ ಇಲ್ಲಿ ನಿಲ್ಲುವುದಿಲ್ಲ, ಏಕೆಂದರೆ ಪವಾಡ ಕಲ್ಲಿನಲ್ಲಿಯೇ ಇದೆ. ಎರಡು ಆಕರಗಳು ಹೊಂದುತ್ತವೆ ಎಂಬುದರಿಂದಲೂ ಘಟನೆ ಸಾಬೀತಾಗದು. ಎರಡೂ ಒಂದೇ ಭಕ್ತಸಮುದಾಯದಿಂದ ಬಂದವು, ಶಾಸನವಂತೂ ದತ್ತಿ ಪಡೆದ ದೇವಾಲಯದ್ದೇ. ಆದರೆ ಬಿಜ್ಜಳನ ಕಾಲದಿಂದ ನಲವತ್ತು ವರ್ಷಗಳಷ್ಟರಲ್ಲೇ ಜನ ಈ ಕಥೆಯನ್ನು ಹೇಳುತ್ತಿದ್ದರು, ಭೂಮಿಯ ಹಕ್ಕಿಗೆ ಅದನ್ನೇ ಆಧಾರವಾಗಿ ಮುಂದಿಡುತ್ತಿದ್ದರು ಎಂಬುದು ಖಚಿತ.

ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಮುಂದಿನ ಹೆಜ್ಜೆಯಲ್ಲಿ. ತಲೆ ಕೂಡಿದ್ದು ಸುಳ್ಳು, ಬಿಂಬ ಒಡೆದದ್ದು ನಿಜ ಎಂದು ಬರೆದುಬಿಡುತ್ತಾರೆ. ಒಡೆದ ಮಾತೂ ಗೆದ್ದವರು ಹೆಮ್ಮೆಯಿಂದ ಹೇಳಿಕೊಂಡದ್ದೇ. ಅದು ಸಂಭವನೀಯ ಎಂದ ಮಾತ್ರಕ್ಕೆ ನಡೆದದ್ದಾಗುವುದಿಲ್ಲ. ಕುತ್ತಿಗೆಗೆ ಗಾಯವಾಗಿ ವಾಸಿಯಾಗಿರಬೇಕು ಎಂಬ ವಿವರಣೆ ಇನ್ನೂ ದುರ್ಬಲ, ಏಕೆಂದರೆ ಅದಕ್ಕೆ ಯಾವ ಆಕರವೂ ಇಲ್ಲ. ಪಣವನ್ನು ಓಲೆಗೆ ಏರಿಸುವುದು, ಸೋತವರು ಅರಸನ ಬಳಿಗೆ ದೂರು ಒಯ್ಯುವುದು, ಅವನು ಜಯಪತ್ರ ಕೊಡುವುದು ಮಾತ್ರ ಬೇರೆ ಬಗೆಯ ಸಾಕ್ಷ್ಯ. ಕೇಳುಗರಿಗೆ ಈ ಪದ್ಧತಿಗಳ ಪರಿಚಯವಿಲ್ಲದಿದ್ದರೆ ಕಥೆ ಅವರಿಗೆ ಒಪ್ಪಿಗೆಯಾಗುತ್ತಿರಲಿಲ್ಲ. ತಲೆ ಒಪ್ಪಿಸುವ ಹರಕೆಯೂ ಆಗ ಪರಿಚಿತವಾಗಿತ್ತು ಎಂಬುದನ್ನು ಕರ್ನಾಟಕದ ಸಿಡಿತಲೆ ಶಿಲ್ಪಗಳು ತೋರಿಸುತ್ತವೆ.

ನಿಮ್ಮ ಹತ್ತಿರದಲ್ಲೇ ಅಭ್ಯಾಸ ಮಾಡಬೇಕೆಂದರೆ ಕುಣಿಗಲ್ ತಾಲ್ಲೂಕಿನ ಕಗ್ಗೆರೆಗೆ ಹೋಗಿ. ತಪಸ್ಸಿಗೆ ಕುಳಿತ ತೋಂಟದ ಸಿದ್ಧಲಿಂಗ ಯತಿಗಳ ಮೇಲೆ ಹುತ್ತ ಬೆಳೆಯಿತು, ಹಸುವೊಂದು ಅದರ ಮೇಲೆ ಹಾಲು ಸುರಿಸುತ್ತಿತ್ತು ಎಂದು ಅಲ್ಲಿ ಹೇಳುತ್ತಾರೆ. ಹುತ್ತಕ್ಕೆ ಹಾಲೆರೆವ ಹಸು ತಿರುಪತಿಯ ಸ್ಥಳಪುರಾಣದಲ್ಲಿಯೂ ಬರುವುದರಿಂದ, ಅದನ್ನು ಯತಿಗಳ ಜೀವನದ ಘಟನೆಯೆಂದು ಎಣಿಸುವ ಮೊದಲು, ಕಥೆಯ ಅತ್ಯಂತ ಹಳೆಯ ಪಾಠದಲ್ಲಿ ಅದು ಇದೆಯೇ, ಹಸು ಯಾರದೆಂದು ಹೇಳಿದೆ, ಆ ಮನೆತನಕ್ಕೆ ಮುಂದೆ ಮಠದಲ್ಲಿ ಯಾವ ಹಕ್ಕು ಬಂತು ಎಂಬುದನ್ನು ನೋಡಿ.