ಕೂಡಿಸಿ ಓದುವವರಿಗೊಂದು ವಿಷದ ಹಾಳೆ

ಓದುಗರ ಪತ್ರ: "ನಮ್ಮ ರೈತ ಉತ್ಪಾದಕರ ಕಂಪನಿಯ ಅಂಗಡಿಯಲ್ಲಿ ಮಾರುವ ಕೀಟನಾಶಕಗಳ ಎಚ್ಚರಿಕೆಗಳನ್ನು ಕನ್ನಡದಲ್ಲಿ ಹಾಳೆ ಮಾಡಿ ಕೊಡುವ ಕೆಲಸ ನನಗೆ ಬಂದಿದೆ. ಕ್ಲೋರ್‌ಪೈರಿಫಾಸ್‌ನದ್ದು ಮುಗಿಸಿದ್ದೇನೆ, ಜೊತೆಗಿಟ್ಟಿದ್ದೇನೆ. ಆದರೆ ನಮ್ಮ ಸದಸ್ಯರಲ್ಲಿ ತುಂಬಾ ಜನ ಅಕ್ಷರ ಕೂಡಿಸಿ ಕೂಡಿಸಿ ಓದುವವರು. ಎರಡು ಸಾಲು ನೋಡಿ ಮಡಚಿ ಜೇಬಿಗೆ ಹಾಕಿಕೊಳ್ತಾರೆ. ಮಾತೆಲ್ಲ ಬಿಟ್ಟು ಬರೀ ಚಿತ್ರ ಹಾಕಿದರೆ ಆಗುತ್ತಾ?"
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಸಂಪಾದಕರ ಉತ್ತರ:

ಬರೀ ಚಿತ್ರದಿಂದ ಆಗುವುದಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಕಾನೂನಿನ ಒಂದು ಮಾತು. ಡಬ್ಬಿಯ ಮೇಲಿನ ಲೇಬಲ್ಲು ಸರ್ಕಾರ ಒಪ್ಪಿದ ಪಠ್ಯ. 1971ರ ಕೀಟನಾಶಕ ನಿಯಮಗಳ ಪ್ರಕಾರ ಅದನ್ನು ತಿದ್ದುವಂತಿಲ್ಲ, ಅಳಿಸುವಂತಿಲ್ಲ. ಆದ್ದರಿಂದ ನಿಮ್ಮ ಹಾಳೆಯನ್ನು ಡಬ್ಬಿಗೆ ಅಂಟಿಸಬೇಡಿ, ಬೇರೆಯಾಗಿ ಕೈಗೆ ಕೊಡಿ. ಅದೇ ನಿಯಮಗಳು ಲೇಬಲ್ಲು ಹಿಂದಿ, ಇಂಗ್ಲಿಷು, ಜೊತೆಗೆ ಒಂದೆರಡು ಪ್ರಾದೇಶಿಕ ಭಾಷೆಗಳಲ್ಲಿ ಇರಬೇಕು ಎನ್ನುತ್ತವೆ. ನೂರು ಮಿ.ಲೀ. ಬಾಟಲಿಯ ಮೇಲೆ ಇಷ್ಟು ಭಾಷೆ ತುರುಕಿದರೆ ಅಕ್ಷರ ಇರುವೆ ಸಾಲಿನ ಹಾಗೆ ಆಗುತ್ತದೆ. ಕನ್ನಡದ ಒತ್ತಕ್ಷರಗಳಂತೂ ಆ ಅಳತೆಯಲ್ಲಿ ಮಸಿಯ ಚುಕ್ಕೆಗಳೇ. ನಿಮ್ಮ ಹಾಳೆಗೆ ಆ ಇಕ್ಕಟ್ಟು ಇಲ್ಲ, ಅಕ್ಷರ ದೊಡ್ಡದು ಮಾಡಿ.

ಇನ್ನು ಡಬ್ಬಿಯ ಮೇಲಿನ ಬಣ್ಣ. ಮೂಲೆಯ ಮೇಲೆ ನಿಲ್ಲಿಸಿದ ಚೌಕದ ಕೆಳಗಿನ ಅರ್ಧ ಕೆಂಪು, ಹಳದಿ, ನೀಲಿ ಅಥವಾ ಹಸಿರು ಇರುತ್ತದೆ, ಅಲ್ವಾ? ಕೆಂಪು ಅತಿ ಹೆಚ್ಚು ವಿಷ. ಅಲ್ಲಿಂದ ಇಳಿಯುತ್ತಾ ಹಸಿರಿಗೆ ಬಂದರೆ ಎಲ್ಲಕ್ಕಿಂತ ಕಡಿಮೆ. ತಲೆಬುರುಡೆ ಮತ್ತು ಅಡ್ಡ ಮೂಳೆ ಕೆಂಪಿಗೆ ಮಾತ್ರ. ನಿಮ್ಮ ಕ್ಲೋರ್‌ಪೈರಿಫಾಸ್ 20% ಇ.ಸಿ. ಹಳದಿ. ಅದರ ಮೇಲೆ 'ವಿಷ' ಎಂದು ಕೆಂಪಕ್ಷರದಲ್ಲಿ ಇರುತ್ತದೆ, ಬುರುಡೆ ಇರುವುದಿಲ್ಲ. ಓದು ಬಾರದವರಿಗೆ ಕಾಣುವುದು ಬುರುಡೆ ಇಲ್ಲ ಅನ್ನುವುದಷ್ಟೇ. "ಇದು ಅಷ್ಟೇನೂ ಜೋರಿಲ್ಲ" ಅನ್ನುವ ತೀರ್ಮಾನ ಅಲ್ಲೇ ಆಗಿಬಿಡುತ್ತದೆ. ಹಸಿರು ಕಂಡರಂತೂ ಸಿಗ್ನಲ್ ಬಿಟ್ಟ ಹಾಗೆ, ಇಲ್ಲವೇ ಸಾವಯವದ್ದು ಅಂದುಕೊಳ್ಳುತ್ತಾರೆ. ಅಸಲಿಗೆ ಈ ಬಣ್ಣ ಹೇಳುವುದು ಒಮ್ಮೆಗೇ ಮೈಗೆ ಸೇರಿದರೆ ಎಷ್ಟು ಅಪಾಯ ಎಂಬುದನ್ನು. ದಿನವೂ ಸ್ವಲ್ಪ ಸ್ವಲ್ಪ ಉಸಿರಿಗೆ ಹೋದರೆ ಏನಾಗುತ್ತದೆ, ಜೇನಿಗೆ, ಮೀನಿಗೆ ಏನಾಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ನಿಮ್ಮ ಹಾಳೆಯಲ್ಲಿ ನಾಲ್ಕೂ ಬಣ್ಣಗಳನ್ನು ಒಂದರ ಕೆಳಗೊಂದು ಹಾಕಿ, ನಾಲ್ಕರ ಪಕ್ಕದಲ್ಲೂ 'ವಿಷ' ಎಂದೇ ಬರೆಯಿರಿ. ನಿಮ್ಮ ಕಡೆ 'ಎಣ್ಣೆ', ನಮ್ಮ ಕಡೆ 'ಔಷಧಿ' ಅನ್ನುವ ರೂಢಿ ಇದ್ದೇ ಇದೆ. ಹೊಡೆಯುವ ವಿಧಾನ ಹೇಳುವಾಗ ಅದೇ ಇರಲಿ. ಅಪಾಯ ಹೇಳುವ ಜಾಗದಲ್ಲಿ ಮಾತ್ರ ಬೇಡ.

ಈಗ ನಿಮ್ಮ ವಾಕ್ಯಗಳು. "ಗಾಳಿಗೆ ಎದುರಾಗಿ ನಿಂತು ಸಿಂಪಡಿಸಬಾರದು" ಎಂದು ಬರೆದಿದ್ದೀರಿ. ಕನ್ನಡದಲ್ಲಿ 'ಬಾರದು', 'ಬೇಡಿ' ಬರುವುದು ಕಟ್ಟಕಡೆಗೆ. ಕೂಡಿಸಿ ಓದುವವರು ಮೂರನೇ ಪದಕ್ಕೇ ದಣಿಯುತ್ತಾರೆ. ಅಷ್ಟರಲ್ಲಿ ಅವರ ತಲೆಗೆ ಹೋದದ್ದು "ಗಾಳಿಗೆ ಎದುರಾಗಿ ನಿಂತು". ಅಂದರೆ ನೀವು ಹೇಳಬೇಕೆಂದಿದ್ದಕ್ಕೆ ತದ್ವಿರುದ್ಧ! ಆದಷ್ಟು ಮಾಡಬೇಕಾದ್ದನ್ನೇ ಹೇಳಿ. "ಗಾಳಿ ಮುಖಕ್ಕೆ ಬಂದರೆ ನಿಲ್ಲಿಸಿ." "ನಾಜಲ್ ಕಟ್ಟಿಕೊಂಡಾಗ ಬಾಯಿಂದ ಊದಬಾರದು" ಎಂಬುದು "ನಾಜಲ್ ಕಟ್ಟಿದರೆ ನೀರಲ್ಲಿ ತೊಳೆಯಿರಿ" ಎಂದಾಗಲಿ. "ಖಾಲಿ ಡಬ್ಬಿಯನ್ನು ಮನೆಬಳಕೆಗೆ ಉಪಯೋಗಿಸಬಾರದು" ಎಂಬುದಕ್ಕೆ ಬದಲು "ಡಬ್ಬಿ ಮೂರು ಸಲ ತೊಳೆದು ಆ ನೀರನ್ನು ಪಂಪಿಗೇ ಸುರಿಯಿರಿ. ಆಮೇಲೆ ಡಬ್ಬಿ ತೂತು ಮಾಡಿ." ತೂತಾದ ಡಬ್ಬಿಯಲ್ಲಿ ಯಾರೂ ನೀರು ತುಂಬುವುದಿಲ್ಲ. "ಸುರಕ್ಷಾ ಉಡುಪು ಧರಿಸತಕ್ಕದ್ದು" ಅಂದರೆ ಯಾವುದು? ತುಂಬು ತೋಳಿನ ಅಂಗಿ, ಪ್ಯಾಂಟು, ಬೂಟು, ಗ್ಲೌಸು ಎಂದು ಹೆಸರು ಹಿಡಿದು ಹೇಳಿ.

ಪ್ರಮಾಣದ ವಿಚಾರದಲ್ಲಿ ಅನುವಾದ ಮಾಡಿದರೆ ಸಾಲದು, ಲೆಕ್ಕವನ್ನೂ ಮಾಡಿ ಕೊಡಬೇಕು. ಲೇಬಲ್ಲು ಮಾತಾಡುವುದು ಹೆಕ್ಟೇರಿನಲ್ಲಿ, ರೈತ ಯೋಚಿಸುವುದು ಎಕರೆ ಮತ್ತು ಪಂಪಿನಲ್ಲಿ. ಒಂದು ಬೆಳೆಗೆ ಹೆಕ್ಟೇರಿಗೆ 1250 ಮಿ.ಲೀ., ನೀರು 500 ಲೀಟರ್ ಎಂದು ಲೇಬಲ್ಲಿನಲ್ಲಿದೆ ಎಂದುಕೊಳ್ಳಿ. ಹೆಕ್ಟೇರು ಅಂದರೆ ಸುಮಾರು ಎರಡೂವರೆ ಎಕರೆ. ಹಾಗಾದರೆ ಎಕರೆಗೆ 500 ಮಿ.ಲೀ., ನೀರು 200 ಲೀಟರ್. ಲೀಟರಿಗೆ ಎರಡೂವರೆ ಮಿ.ಲೀ. ಬಿತ್ತು. 16 ಲೀಟರಿನ ಪಂಪಿಗೆ 40 ಮಿ.ಲೀ., ಎಕರೆಗೆ ಹನ್ನೆರಡೂವರೆ ಪಂಪು. ಹಾಳೆಯಲ್ಲಿ ಪಂಪಿನ ಚಿತ್ರ ಬರೆದು ಅದರ ಮೇಲೆ '16', ಪಕ್ಕದಲ್ಲಿ ಅಳತೆ ಕಪ್ಪಿನ ಚಿತ್ರ, ಅದರ ಗೆರೆಯಲ್ಲಿ '40' ಎಂದು ಹಾಕಿ. ಅಕ್ಷರ ಬಾರದವರೂ ನೋಟು, ಮೊಬೈಲಿನ ಅಂಕಿ ಓದುತ್ತಾರೆ. ಹಾಗಾಗಿ ಅಲ್ಲಿ ಕಾಣುವ ಅಂಕಿಗಳನ್ನೇ ಬಳಸಿ, ಕನ್ನಡದ ಅಂಕಿ ಬೇಡ. ಮುಚ್ಚಳದ ಲೆಕ್ಕ ಮಾತ್ರ ಕೊಡಲೇಬೇಡಿ. ಒಂದೊಂದು ಬಾಟಲಿಯ ಮುಚ್ಚಳ ಒಂದೊಂದು ಅಳತೆ. ಕಪ್ಪು ಕೊಡಲು ಆಗದಿದ್ದರೆ ಹಾಳೆ ಕೊಟ್ಟೂ ಅರ್ಧ ವ್ಯರ್ಥ.

ಇನ್ನು ಚಿತ್ರಗಳು. ಡಬ್ಬಿಯ ಕೆಳಗಡೆ ಕಪ್ಪು ಬಿಳುಪಿನ ಚಿಕ್ಕ ಚಿತ್ರಗಳ ಪಟ್ಟಿ ನೋಡಿರುತ್ತೀರಿ. ಬೀಗ, ಗ್ಲೌಸು, ಮುಖದ ಗುರಾಣಿ, ಬೂಟು, ಕೈ ತೊಳೆಯುವ ನಲ್ಲಿ. ಅದಕ್ಕೂ ಒಂದು ವ್ಯಾಕರಣ ಇದೆ. ವಿಷ ಕಲಸುವ ಚಿತ್ರದ ಜೊತೆ ಒಂದೇ ಚೌಕಟ್ಟಿನಲ್ಲಿ ಗ್ಲೌಸು, ಗುರಾಣಿ ಇದ್ದರೆ "ಕಲಸುವಾಗ ಇವನ್ನು ಹಾಕಿಕೊಳ್ಳಿ" ಎಂದರ್ಥ. ಹೊಡೆಯುವ ಚಿತ್ರದ ಚೌಕಟ್ಟು ಬೇರೆ. ಇದನ್ನು ಯಾರೂ ಹೇಳಿಕೊಡದೆ ತಿಳಿಯುವುದು ಕಷ್ಟ. ಒಂದೊಂದನ್ನೂ ಬಿಡಿಬಿಡಿಯಾಗಿ ನೋಡುತ್ತಾರೆ. ಬರೀ ಚಿತ್ರ ಸಾಲದು ಅಂದದ್ದು ಇದಕ್ಕೇ. ಚಿತ್ರದ ಕೆಳಗೆ ಎರಡು ಮೂರು ಪದ ಇದ್ದರೆ ಮನೆಯಲ್ಲಿ ಶಾಲೆಗೆ ಹೋಗುವ ಮಗುವಾದರೂ ಓದಿ ಹೇಳುತ್ತದೆ. ಆ ಪಟ್ಟಿಯಲ್ಲಿಲ್ಲದ ಒಂದು ಚಿತ್ರವನ್ನು ನೀವೇ ಸೇರಿಸಿ. ವಿಷವನ್ನು ಕೂಲ್‌ಡ್ರಿಂಕ್ಸ್ ಬಾಟಲಿಗೆ ಸುರಿದು ಇಡುವುದು, ಅದರ ಮೇಲೆ ದಪ್ಪ ಕೆಂಪು ಗೀಟು. ಡಬ್ಬಿ ಬದಲಾದ ಕೂಡಲೇ ಲೇಬಲ್ಲೂ ಹೋಯಿತು, ನಿಮ್ಮ ಹಾಳೆಯೂ ಹೋಯಿತು. ಗೀಟು ಮಾತ್ರ ತೆಳ್ಳಗೆ ಇರಬಾರದು, ಚಿತ್ರದೊಳಗೆ ಕಳೆದುಹೋಗುತ್ತದೆ.

ಅಚ್ಚಿಗೆ ಕೊಡುವ ಮುಂಚೆ ಇಪ್ಪತ್ತು ಜನರಿಗೆ ತೋರಿಸಿ. ಕಂಪನಿಯ ನಿರ್ದೇಶಕರಿಗಲ್ಲ, ಪಂಪು ಹೊರುವ ಆಳುಗಳಿಗೆ. ಹೆಣ್ಣುಮಕ್ಕಳೂ ಇರಲಿ, ನೀರು ತಂದು ಕಲಸಿಕೊಡುವವರು ಎಷ್ಟೋ ಕಡೆ ಅವರೇ. "ಅರ್ಥ ಆಯ್ತಾ?" ಅಂತ ಸುಮ್ನೆ ಕೇಳಿದರೆ ಎಲ್ಲರೂ "ಆಯ್ತ್ರೀ" ಅಂತಾರೆ. "ಇದನ್ನ ನೋಡಿ ನೀವೇನು ಮಾಡ್ತೀರಿ?" ಅಂತ ಕೇಳಿ, ಹೇಳಿದ್ದನ್ನು ಹಾಗೇ ಬರೆದುಕೊಳ್ಳಿ. ಎಚ್ಚರಿಕೆ ಚಿಹ್ನೆಗಳಿಗೆ ಅಮೆರಿಕದಲ್ಲಿ ಒಂದು ಮಾನದಂಡ ಇದೆ. ನೂರಕ್ಕೆ 85 ಜನರಿಗಾದರೂ ಸರಿಯಾಗಿ ತಿಳಿಯಬೇಕು, ತದ್ವಿರುದ್ಧ ಅರ್ಥ ಮಾಡಿಕೊಂಡವರು 5ಕ್ಕಿಂತ ಜಾಸ್ತಿ ಇರಬಾರದು. ನಿಮ್ಮ ಇಪ್ಪತ್ತರಲ್ಲಿ ಅದು ಹದಿನೇಳು ಮತ್ತು ಒಂದು. ನನ್ನ ಮಟ್ಟಿಗೆ ಎರಡನೆಯ ಲೆಕ್ಕವೇ ಮುಖ್ಯ. ಅರ್ಥವಾಗದವರು ಪಕ್ಕದವರನ್ನು ಕೇಳುತ್ತಾರೆ. ಉಲ್ಟಾ ತಿಳಿದವರು ಕೇಳುವುದಿಲ್ಲ, ಮಾಡಿಯೇ ಬಿಡುತ್ತಾರೆ.

ಕೊನೆಗೆ ನಿಮ್ಮ ಹಾಳೆಯ ಕೆಳಭಾಗ. ಜೊಲ್ಲು, ವಿಪರೀತ ಬೆವರು, ವಾಂತಿ, ಕಣ್ಣು ಮಂಜಾಗುವುದು, ಎದೆ ಬಿಗಿಯುವುದು ಎಂದು ಚೆನ್ನಾಗಿ ಬರೆದಿದ್ದೀರಿ. ಅದರ ಕೆಳಗೆ "108ಕ್ಕೆ ಫೋನ್ ಮಾಡಿ, ಡಬ್ಬಿಯನ್ನೂ ಆಸ್ಪತ್ರೆಗೆ ಒಯ್ಯಿರಿ" ಎಂದು ಸೇರಿಸಿ. ವಿಷದ ಹೆಸರು ಮಾತ್ರ ಡಬ್ಬಿಯ ಮೇಲಿರುವ ಇಂಗ್ಲಿಷ್ ಅಕ್ಷರಗಳಲ್ಲೇ ದಪ್ಪಗೆ ಇರಲಿ. ಆ ಒಂದು ಸಾಲು ರೈತರಿಗಲ್ಲ, ಅಟ್ರೋಪಿನ್ ಎಂಬ ಪ್ರತಿವಿಷ ಕೊಡಬೇಕೋ ಬೇಡವೋ ಎಂದು ಆ ಹೊತ್ತಿನಲ್ಲಿ ನಿರ್ಧರಿಸಬೇಕಾದ ಡಾಕ್ಟರಿಗೆ.