ಪೇಮೆಂಟ್ ಪೆಂಡಿಂಗ್ ಅಂತ ನಿಂತ್ರೆ ಮತ್ತೆ ಕಟ್ಟಬೇಕಾ, ಕಾಯಬೇಕಾ, ಬ್ಯಾಂಕಿಗೆ ಹೋಗಬೇಕಾ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟ. ಆನ್‌ಲೈನಲ್ಲಿ ಡ್ರಿಪ್ ಪೈಪ್ ಆರ್ಡರ್ ಮಾಡೋಕೆ ಹೋಗಿ ₹3,480 ಯುಪಿಐಲಿ ಕಟ್ದೆ, ಪಿನ್ನೂ ಹಾಕ್ದೆ, ಒಂದು ಗಂಟೆಯಿಂದ ಪೆಂಡಿಂಗ್ ಅಂತಾನೇ ಇದೆ. ಮೆಸೇಜ್ ಬಂದಿಲ್ಲ. ಇನ್ನೊಂದ್ಸಲ ಕಟ್ಲಾ?

ಉತ್ತರ:

ಇನ್ನೂ ಕಟ್ಬೇಡಿ. ಮೊದ್ಲು ಬ್ಯಾಂಕ್ ಆ್ಯಪ್ ತೆಗೆದು ಅಕೌಂಟ್ ಸ್ಟೇಟ್‌ಮೆಂಟ್ ನೋಡಿ, ಮಿಕ್ಕಿದ್ದು ಆಮೇಲೆ.

ನಾನು ಚಿಂತಾಮಣಿಲಿ ಒಂದು ಸಣ್ಣ ಜೆರಾಕ್ಸ್ ಮತ್ತೆ ಆನ್‌ಲೈನ್ ಅರ್ಜಿ ಹಾಕೋ ಅಂಗಡಿ ಇಟ್ಕೊಂಡಿದೀನಿ, ಇಂಥದ್ದು ವಾರಕ್ಕೆ ಒಂದೆರಡಾದ್ರೂ ಬರುತ್ತೆ. ಬಂದವ್ರೆಲ್ಲ ಹೇಳೋದು ಒಂದೇ ಮಾತು, "ಮೆಸೇಜ್ ಬಂದಿಲ್ಲ ಅಣ್ಣ, ದುಡ್ಡು ಹೋಗಿಲ್ಲ." ಇಲ್ಲೇ ಎಡವೋದು. ಮೆಸೇಜ್ ಬರೋದೇ ಬೇರೆ ದಾರಿ, ದುಡ್ಡು ಕಟ್ ಆಗೋದೇ ಬೇರೆ ದಾರಿ. ದುಡ್ಡು ಸೆಕೆಂಡಲ್ಲಿ ಹೋಗಿರುತ್ತೆ, ಮೆಸೇಜು ಟವರ್ ಹುಡುಕ್ಕೊಂಡು ಯಾವಾಗ್ಲೋ ಬರುತ್ತೆ, ಒಂದೊಂದ್ಸಲ ಬರೋದೇ ಇಲ್ಲ.

ನಮ್ಮನೇಲೇ ಆಗಿದ್ದು ಹೇಳ್ತೀನಿ. ನನ್ನ ಬಾಮೈದ ಟೊಮ್ಯಾಟೊ ತೋಟಕ್ಕೆ ಔಷಧಿ ಹೊಡಿಯೋಕೆ ಬ್ಯಾಟ್ರಿ ಸ್ಪ್ರೇಯರ್ ತಗೋಬೇಕು ಅಂತ ಒಂದು ಸೈಟಲ್ಲಿ ₹4,650ಕ್ಕೆ ಆರ್ಡರ್ ಹಾಕ್ದ. ಶನಿವಾರ ರಾತ್ರಿ 8:41. ಪಿನ್ ಹಾಕ್ದ, ಚಕ್ರ ಸುತ್ತಿ ಸುತ್ತಿ ಪೆಂಡಿಂಗ್ ಅಂತ ನಿಂತ್ಕೊಂತು. ಮೆಸೇಜ್ ಇಲ್ಲ. ಮೂರೇ ನಿಮಿಷ ತಡ್ಕೊಂಡಿದ್ದು, 8:44ಕ್ಕೆ ಇನ್ನೊಂದು ಯುಪಿಐ ಆ್ಯಪಿಂದ ಮತ್ತೆ ಕಟ್ದ, ಸಕ್ಸಸ್ ಆಯ್ತು, ಆರ್ಡರೂ ಆಯ್ತು, ಖುಷಿಯಾಗಿ ಊಟಕ್ಕೆ ಕೂತ. ಊಟ ಮುಗಿಯೋ ಹೊತ್ತಿಗೆ ಎರಡೂ ಮೆಸೇಜ್ ಜೋಡೀಲಿ ಬಂದ್ವು, ಮೊದಲ್ನೇದೂ ಸಕ್ಸಸ್. "ಭಾವ, ಎರಡ್ಸಲ ಹೋಗ್ಬಿಟ್ಟಿದೆ" ಅಂತ ಫೋನ್ ಮಾಡ್ದ. ಸ್ಟೇಟ್‌ಮೆಂಟ್ ತೆಗೆಸಿದ್ರೆ 8:41ಕ್ಕೆ ಒಂದು, 8:44ಕ್ಕೆ ಒಂದು. ಅಂದ್ರೆ ಅವನು ಎರಡನೇ ಸಲ ಕಟ್ಟೋ ಹೊತ್ತಿಗಾಗ್ಲೇ ಮೊದಲ್ನೇದು ಅಕೌಂಟಿಂದ ಹೋಗಿತ್ತು, ನೋಡಿದ್ರೆ ಕಾಣಿಸ್ತಿತ್ತು.

ಯಾಕೆ ಹಿಂಗಾಗುತ್ತೆ ಅಂದ್ರೆ, ನೀವು ಪಿನ್ ಹಾಕಿದ್ಮೇಲೆ ನಿಮ್ಮ ಬ್ಯಾಂಕು ದುಡ್ಡು ತೆಗಿಯುತ್ತೆ, ಯುಪಿಐ ನಡೆಸೋ ಎನ್‌ಪಿಸಿಐ ಮಧ್ಯದಲ್ಲಿದ್ದು ಆ ಕಡೆ ಅಂಗಡಿಯವರ ಬ್ಯಾಂಕಿಗೆ ದಾಟಿಸುತ್ತೆ, ಆಮೇಲೆ ಸೇರ್ತು ಅನ್ನೋ ಉತ್ತರ ಅದೇ ದಾರೀಲಿ ವಾಪಸ್ ಬರ್ಬೇಕು. ಈ ಸರಪಳೀಲಿ ಯಾವುದೋ ಒಂದು ಕಡೆ ಉತ್ತರ ಹೊತ್ತಿಗೆ ಸರಿಯಾಗಿ ಬರ್ಲಿಲ್ಲ ಅಂದ್ರೆ ಆ್ಯಪ್ ಪೆಂಡಿಂಗ್ ಅಂತ ತೋರ್ಸುತ್ತೆ. ಅಂದ್ರೆ ಆಗಿಲ್ಲ ಅಂತಲ್ಲ, ಆಯ್ತೋ ಇಲ್ವೋ ಆ್ಯಪಿಗೇ ಇನ್ನೂ ಗೊತ್ತಿಲ್ಲ ಅಂತ ಅಷ್ಟೆ. ಪಿನ್ ಹಾಕೋ ಪುಟಾನೇ ಬರ್ದೆ ನಿಂತೋಗಿದ್ರೆ ಆ ಮಾತೇ ಬೇರೆ, ಇಷ್ಟು ಮೊತ್ತ ಪಿನ್ನೋ ಬೆರಳಚ್ಚೋ ಕೇಳ್ದೆ ಹೋಗಲ್ಲ, ಧೈರ್ಯವಾಗಿ ಮತ್ತೆ ಕಟ್ಟಿ. ನೀವು ಪಿನ್ ಹಾಕಿದೀರ, ಅದಕ್ಕೇ ಸ್ಟೇಟ್‌ಮೆಂಟ್ ನೋಡಿ ಅಂದಿದ್ದು. ಬರೀ ಬ್ಯಾಲೆನ್ಸ್ ನೋಡಿದ್ರೆ ಸಾಲ್ದು, ಬೆಳಗ್ಗೆ ಎಷ್ಟಿತ್ತು ಅಂತ ಯಾರಿಗೆ ನೆನಪಿರುತ್ತೆ. ₹3,480ರ ಸಾಲು ಇದ್ಯಾ ಇಲ್ವಾ ಅಂತ ಹುಡುಕಿ, ಇದ್ರೆ ಅದ್ರ ಜೊತೆಗಿರೋ 12 ಅಂಕಿ ನಂಬರ್ ಬರ್ಕೊಳಿ. ಅದೇ ಯುಟಿಆರ್. ಯುಪಿಐ ಆ್ಯಪಲ್ಲಿ ಇನ್ನೊಂದು ಉದ್ದದ ಐಡಿ ಇರುತ್ತೆ, ಅದು ಆ್ಯಪಿನವರದ್ದೇ ಸ್ವಂತದ್ದು, ಬ್ಯಾಂಕಲ್ಲಿ ಅದನ್ನ ಕೊಟ್ರೆ ಮುಖ ಮುಖ ನೋಡ್ತಾರೆ.

ಸಾಲು ಇಲ್ಲ ಅಂದ್ರೆ ಒಂದರ್ಧ ಗಂಟೆ ಬಿಟ್ಟು ಇನ್ನೊಂದ್ಸಲ ನೋಡಿ, ಆಗ್ಲೂ ಇಲ್ಲಾಂದ್ರೆ ಕಟ್ಬಹುದು. ಆಗ್ಲೂ ಹೊಸದಾಗಿ ಕಾರ್ಟ್ ತುಂಬ್ಬೇಡಿ, ಸೈಟಲ್ಲಿ ನಿಮ್ಮ ಆರ್ಡರ್‌ಗಳು ಅನ್ನೋ ಕಡೆ ಹೋಗಿ, ಹಳೇ ಆರ್ಡರ್ ಇದ್ರೆ ಅದ್ರೊಳಗಿಂದಾನೇ ಕಟ್ಟಿ. ಇಲ್ದಿದ್ರೆ ನಾಳೆ ಎರಡು ಬಂಡಲ್ ಪೈಪು ಮನೆ ಮುಂದೆ ಬಂದು ಇಳಿಯುತ್ತೆ.

ಸಾಲು ಇದೆ, ಆದ್ರೆ ಯುಪಿಐ ಆ್ಯಪ್ ಪೆಂಡಿಂಗ್ ಅಂತಾನೋ ಫೇಲ್ಡ್ ಅಂತಾನೋ ಹೇಳ್ತಿದೆ ಅಂದ್ರೆ ಸುಮ್ನೆ ಕಾಯೋದೇ. ಇದಕ್ಕೆ ರಿಸರ್ವ್ ಬ್ಯಾಂಕಿನ ಲೆಕ್ಕ ಇದೆ, 2019ರ ಸೆಪ್ಟೆಂಬರಲ್ಲಿ ಹೊರಡಿಸಿದ್ದು. ಅಂಗಡಿಗೆ ಯುಪಿಐಲಿ ಕಟ್ಟಿ, ನಿಮ್ಮ ಅಕೌಂಟಿಂದ ಹೋಗಿ, ಅಂಗಡಿಗೆ ಖಾತ್ರಿ ಸಿಗ್ಲಿಲ್ಲ ಅಂದ್ರೆ ಕಟ್ಟಿದ ದಿನ ಬಿಟ್ಟು ಐದು ದಿನದೊಳಗೆ ತಾನಾಗೇ ವಾಪಸ್ ಬರ್ಬೇಕು. ಕ್ಯಾಲೆಂಡರ್ ದಿನ, ಭಾನುವಾರನೂ ಸೇರಿ. ಶನಿವಾರ ಕಟ್ಟಿದ್ರೆ ಗುರುವಾರದೊಳಗೆ. ಅದು ದಾಟಿದ್ರೆ ದಿನಕ್ಕೆ ₹100 ಪರಿಹಾರ, ಅದನ್ನೂ ನೀವು ಕೇಳ್ದೇನೇ ಹಾಕ್ಬೇಕು ಅಂತ ಆ ಆದೇಶದಲ್ಲೇ ಇದೆ. ಒಬ್ಬರಿಂದ ಒಬ್ಬರಿಗೆ ಕಳಿಸಿದ ದುಡ್ಡಿಗಾದ್ರೆ ಗಡುವು ಒಂದೇ ದಿನ, ಜನ ಎರಡನ್ನೂ ಬೆರೆಸ್ಕೊಂಡು ಮಾರನೇ ದಿನಾನೇ ಬ್ಯಾಂಕಲ್ಲಿ ಜಗಳಕ್ಕೆ ನಿಲ್ತಾರೆ.

ಇನ್ನು ಆ್ಯಪಲ್ಲಿ ಸಕ್ಸಸ್ ಅಂತ ತಿರುಗಿದೆ, ಆದ್ರೆ ಸೈಟಲ್ಲಿ ಆರ್ಡರ್ ಆಗಿಲ್ಲ ಅಂದ್ರೆ ಬ್ಯಾಂಕಿಗೆ ಹೋಗಿ ಪ್ರಯೋಜನ ಇಲ್ಲ. ನನ್ನ ಬಾಮೈದ ಸೋಮವಾರ ಕೆಲಸ ಬಿಟ್ಟು ಬ್ಯಾಂಕಿಗೆ ಹೋದ, ಅವ್ರು ಕಂಪ್ಯೂಟರ್ ನೋಡಿ "ದುಡ್ಡು ಅವ್ರಿಗೆ ಸೇರಿದೆ, ಅವ್ರನ್ನೇ ಕೇಳಪ್ಪ" ಅಂದ್ರು. ಬೈಕೊಂಡು ಬಂದ, ಆದ್ರೆ ಅವ್ರು ಹೇಳಿದ್ದು ಸರಿ. ಸೇರಿದ ದುಡ್ಡನ್ನ ವಾಪಸ್ ಕೊಡ್ಬೇಕಾದ್ದು ಮಾರಿದವ್ರೇ. ಸೈಟಿನವರಿಗೆ ಎರಡೂ ಯುಟಿಆರ್ ಕೊಟ್ಟು, ಆರ್ಡರ್ ಒಂದೇ ಅಂತ ಬರೆಸ್ದೆ. ಮೊದ್ಲು ಎರಡು ದಿನ ಏನೋ ರೆಡಿಮೇಡ್ ಉತ್ತರ ಕಳಿಸ್ತಿದ್ರು, ಸ್ಟೇಟ್‌ಮೆಂಟಿನ ಆ ಎರಡು ಸಾಲಿನ ಫೋಟೊ ಕಳಿಸಿದ್ಮೇಲೆ ಒಪ್ಕೊಂಡ್ರು. ಅವ್ರು ರೀಫಂಡ್ ಮಾಡಿದ್ದು ಹೊಸ ಸಾಲಾಗಿ, ಹೊಸ ನಂಬರಲ್ಲಿ ಬಂತು, ಹಳೇ ಸಾಲು ಅಳಿಸಿ ಹೋಗಲ್ಲ, ಅದನ್ನೇ ನೋಡ್ತಾ ಕೂತು ಇನ್ನೂ ಬಂದಿಲ್ಲ ಅನ್ಬೇಡಿ.

ಬ್ಯಾಂಕಿನ ಸರದಿ ಬರೋದು ದುಡ್ಡು ಹೋಗಿದೆ, ಸಕ್ಸಸ್ ಅಂತ ಆಗಿಲ್ಲ, ಐದು ದಿನ ದಾಟಿದೆ ಅಂದಾಗ. ಯುಪಿಐ ಆ್ಯಪಲ್ಲೇ ಆ ಪೇಮೆಂಟ್ ತೆಗೆದು ದೂರು ಹಾಕಿ, ಬ್ಯಾಂಕಿಗೂ ಯುಟಿಆರ್ ಸಮೇತ ಬರವಣಿಗೇಲಿ ಕೊಟ್ಟು ದೂರಿನ ನಂಬರ್ ಇಸ್ಕೊಳಿ. 30 ದಿನ ಕಳೆದ್ರೂ ಉತ್ತರ ಇಲ್ಲ ಅಂದ್ರೆ ಅದೇ ನಂಬರ್ ಇಟ್ಕೊಂಡು cms.rbi.org.in ಅಲ್ಲಿ ಬ್ಯಾಂಕಿನ ಮೇಲಿನ ದೂರು ಕೇಳೋ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹಾಕ್ಬಹುದು, ದುಡ್ಡೇನೂ ಕಟ್ಬೇಕಿಲ್ಲ. ಕಸ್ಟಮರ್ ಕೇರ್ ನಂಬರನ್ನ ಮಾತ್ರ ಗೂಗಲ್ಲಲ್ಲಿ ಹುಡುಕ್ಬೇಡಿ, ಕಾರ್ಡಿನ ಹಿಂದೆ ಅಥವಾ ಆ್ಯಪೊಳಗೆ ಇರೋದಕ್ಕೇ ಮಾಡಿ, ರೀಫಂಡ್ ಬರ್ಬೇಕು ಪಿನ್ ಹಾಕಿ ಅಂದ್ರೆ ಫೋನ್ ಇಟ್ಬಿಡಿ, ದುಡ್ಡು ಬರೋಕೆ ಪಿನ್ ಬೇಕಾಗಲ್ಲ.

ಪೈಪ್ ನಾಳೇನೇ ಬೇಕು, ಕಾಯೋಕಾಗಲ್ಲ ಅಂದ್ರೆ? ಆಗ ಕೇಳ್ಕೋಬೇಕಾದ್ದು ಒಂದೇ, ಇನ್ನೊಂದು ₹3,480 ಒಂದು ವಾರ ಸಿಕ್ಕಾಕೊಂಡ್ರೆ ನಡಿಯುತ್ತಾ ಅಂತ. ನಡಿಯುತ್ತೆ ಅಂದ್ರೆ ಗೊತ್ತಿದ್ದೇ ಎರಡನೇ ಸಲ ಕಟ್ಟಿ, ಪರೀಕ್ಷೆ ಫೀಸಿಗೆ ಕೊನೇ ದಿನ ಬರೋ ಹುಡುಗ್ರಿಗೆ ನಾನೂ ಹಂಗೇ ಕಟ್ಸೋದು. ಪೈಪಿಗಾದ್ರೆ ಕ್ಯಾಶ್ ಆನ್ ಡೆಲಿವರಿ ಇದ್ಯಾ ನೋಡಿ, ಇಲ್ಲ ಶಿಡ್ಲಘಟ್ಟದಲ್ಲೇ ಯಾವುದಾದ್ರೂ ಅಂಗಡೀಲಿ ತಗೊಂಡು ಸೈಟಲ್ಲಿರೋ ಆರ್ಡರ್ ಕ್ಯಾನ್ಸಲ್ ಮಾಡಿ. ಸ್ಟೇಟ್‌ಮೆಂಟಲ್ಲಿ ಏನಿತ್ತು ಅಂತ ಇಲ್ಲೇ ಕೆಳಗೆ ಬರೀರಿ, ಯುಟಿಆರ್ ಮಾತ್ರ ಹಾಕ್ಬೇಡಿ.