ಮುಖತ್ಯಾರ ಪತ್ರವನ್ನು ನಂಬಿ ಕೂರಬೇಡಿ

ಪತ್ರ: ನಮ್ಮ ತಂದೆ ಆದಾಯ ತೆರಿಗೆ ಇಲಾಖೆಯಿಂದ ನಿವೃತ್ತರಾದವರು. ಅವರಿಗೆ ಮರೆವಿನ ಕಾಯಿಲೆ ಬಂದಿದೆ. ಕೆಲವು ದಿನ ಚೆನ್ನಾಗಿ ಮಾತನಾಡುತ್ತಾರೆ, ಕೆಲವು ದಿನ ನನ್ನ ಗುರುತೇ ಹತ್ತುವುದಿಲ್ಲ. ಸಹಿ ಹೊಂದುತ್ತಿಲ್ಲವೆಂದು ಬ್ಯಾಂಕಿನವರು ಚೆಕ್ ಮರಳಿಸಿದರು. ಬಾಂಡ್ ಪೇಪರ್ ಮೇಲೆ ಮುಖತ್ಯಾರ ಪತ್ರ ಬರೆಸಿಕೊಂಡರೆ ಮುಗಿಯಿತು ಎಂದು ಗದಗದಲ್ಲಿರುವ ಅಣ್ಣ ಹೇಳುತ್ತಾನೆ. ತಾಯಿ ಇದ್ದಾರೆ. ಏನು ಮಾಡಲಿ?
— ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ

ಸಂಪಾದಕರ ಉತ್ತರ: ನಿಮ್ಮ ಅಣ್ಣನವರ ಕಾಳಜಿ ನಿಜವಾದದ್ದೇ. ತಂದೆಯವರು ಗಟ್ಟಿಯಾಗಿದ್ದು ಬೇರೆ ಊರಿನ ಆಸ್ತಿ ನೋಡಿಕೊಳ್ಳಬೇಕಿದ್ದರೆ ಅವರ ಸಲಹೆ ಸರಿಯಿತ್ತು. ಈ ಕಾಯಿಲೆಯಲ್ಲಿ ಮಾತ್ರ ಆ ಕಾಗದ ಬೇಕಾದ ಹೊತ್ತಿಗೇ ಕೈಕೊಡುತ್ತದೆ. 1872ರ ಕರಾರು ಕಾಯ್ದೆಯ 201ನೇ ಕಲಮಿನ ಪ್ರಕಾರ, ಅಧಿಕಾರ ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಕೊಟ್ಟ ಅಧಿಕಾರವೂ ಕೊನೆಗೊಳ್ಳುತ್ತದೆ. ಕೆಲವು ದೇಶಗಳಲ್ಲಿ ಬುದ್ಧಿ ಮಂಕಾದ ಮೇಲೂ ಉಳಿಯುವ ಮುಖತ್ಯಾರ ಪತ್ರವಿದೆ, ನಮ್ಮಲ್ಲಿ ಇಲ್ಲ. ಅದೂ ಅಲ್ಲದೆ, ಕೇಂದ್ರ ಸರ್ಕಾರದ ನಾಗರಿಕ ಪಿಂಚಣಿ ಪಾವತಿ ಯೋಜನೆಯು ಪಿಂಚಣಿ ಖಾತೆಯನ್ನು ಮುಖತ್ಯಾರರು ನಡೆಸಲು ಒಪ್ಪುವುದೇ ಇಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಮಾತು ‘ತಾಯಿ ಇದ್ದಾರೆ’ ಎಂಬುದು. ಅದನ್ನು ಕೊನೆಗೆ ಬರೆದಿದ್ದೀರಿ, ಮೊದಲು ಬರೆಯಬೇಕಿತ್ತು. ಪಿಂಚಣಿ ಪಾವತಿ ಆದೇಶದಲ್ಲಿ ಕುಟುಂಬ ಪಿಂಚಣಿಗೆ ಹೆಸರಿರುವ ಪತ್ನಿಯ ಜೊತೆ ಜಂಟಿ ಖಾತೆ ಮಾಡಲು ನಿಯಮದಲ್ಲಿ ಅವಕಾಶವಿದೆ. ‘ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು’ ಎಂಬ ಷರತ್ತನ್ನೇ ಕೇಳಿ. ‘ಮೊದಲನೆಯವರು ಅಥವಾ ಉಳಿದವರು’ ಎಂದು ಬರೆಸಿದರೆ ತಂದೆ ಇರುವವರೆಗೆ ತಾಯಿ ಒಂದು ರೂಪಾಯಿಯನ್ನೂ ತೆಗೆಯಲಾರರು. ಅರ್ಜಿಯ ಈ ಒಂದು ಸಾಲನ್ನು ಅವಸರದಲ್ಲಿ ಓದದೆ ಸಹಿ ಮಾಡಿದ ಮನೆಗಳನ್ನು ನಾನು ಬಲ್ಲೆ.

ಈ ಬದಲಾವಣೆಗೆ ತಂದೆಯವರ ಒಪ್ಪಿಗೆ ಬೇಕು. ಅದೇ ಕರಾರು ಕಾಯ್ದೆಯ 12ನೇ ಕಲಮು ನಿಮ್ಮ ಪರವಾಗಿದೆ: ಬುದ್ಧಿ ಬಂದು ಹೋಗುವ ಮನುಷ್ಯ, ಸ್ವಾಧೀನದಲ್ಲಿರುವ ಹೊತ್ತಿನಲ್ಲಿ ಕರಾರು ಮಾಡಬಹುದು. ಆದ್ದರಿಂದ ತಂದೆಯವರು ಚೆನ್ನಾಗಿರುವ ದಿನ ಧಾರವಾಡದ ಡಿಮ್ಹಾನ್ಸ್‌ಗೆ ಕರೆದೊಯ್ಯಿರಿ. ಖಾತೆ ಯಾವುದು, ಹಣ ಯಾರದು, ಪತ್ನಿಯ ಹೆಸರು ಸೇರಿಸಿದರೆ ಏನಾಗುತ್ತದೆ ಎಂಬುದು ಅವರಿಗೆ ತಿಳಿಯುತ್ತಿದೆಯೇ ಎಂದು ವೈದ್ಯರು ಕೇಳಿ ನೋಡಿ, ಅದನ್ನೇ ಬರೆದುಕೊಡಲಿ. ಅರ್ಜಿಗೂ ಆ ಪ್ರಮಾಣಪತ್ರಕ್ಕೂ ಒಂದೇ ದಿನಾಂಕವಿರಲಿ. ತಂದೆಗೆ ಅರ್ಥವಾಗದಿದ್ದರೆ ಅಲ್ಲಿಗೇ ನಿಲ್ಲಿಸಿ, ಕೈ ಹಿಡಿದು ಸಹಿ ಮಾಡಿಸಬೇಡಿ.

ಹೆಬ್ಬೆಟ್ಟು ಸಾಕೆಂದು ಹೇಳುವವರೂ ಸಿಗುತ್ತಾರೆ. ಸಹಿ ಮಾಡಲಾರದ ಪಿಂಚಣಿದಾರರ ಹೆಬ್ಬೆಟ್ಟನ್ನು ಇಬ್ಬರು ಸಾಕ್ಷಿಗಳು ಗುರುತಿಸಿದರೆ, ಅವರಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿಯಾಗಿದ್ದರೆ, ಹಣ ಕೊಡಬಹುದೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಕೈ ನಡುಗುವವರಿಗೆ, ಹಾಸಿಗೆ ಹಿಡಿದವರಿಗೆ ಅದು ದೊಡ್ಡ ಉಪಕಾರ. ಏನು ನಡೆಯುತ್ತಿದೆ ಎಂಬುದೇ ತಿಳಿಯದವರ ಬೆರಳಿಗೆ ಶಾಯಿ ಹಚ್ಚುವುದು ಒಪ್ಪಿಗೆ ಆಗುವುದಿಲ್ಲ.

ಆ ಹಂತ ದಾಟಿದ್ದರೆ ಉಳಿಯುವುದು ನ್ಯಾಯಾಲಯ ನೇಮಿಸುವ ಪಾಲಕತ್ವ. ಜನ ಈ ಹೆಸರಿಗೇ ಬೆದರುತ್ತಾರೆ, ನಾನು ಅದರ ಪರ. ನನಗೆ ಪರಿಚಯದ ಹಾವೇರಿ ಕಡೆಯ ಮನೆಯೊಂದರಲ್ಲಿ ಕಿರಿಯ ಮಗ ತಂದೆಯ ಎಟಿಎಂ ಕಾರ್ಡಿನಿಂದಲೇ ಔಷಧಿ, ಊಟ, ನೋಡಿಕೊಳ್ಳುವವಳ ಸಂಬಳ ಎಲ್ಲವನ್ನೂ ಪ್ರಾಮಾಣಿಕವಾಗಿ ನಡೆಸಿದ. ತಂದೆ ತೀರಿಕೊಂಡ ಮೇಲೆ ಅಕ್ಕಂದಿರು ಲೆಕ್ಕ ಕೇಳಿದರು. ಅವನ ಹತ್ತಿರ ರಸೀದಿ ಇರಲಿಲ್ಲ, ಅಧಿಕಾರವೂ ಇರಲಿಲ್ಲ. ಸೇವೆ ಮಾಡಿದವನೇ ಕಳ್ಳನೆನಿಸಿಕೊಂಡ. ನ್ಯಾಯಾಲಯದ ಆದೇಶವಿದ್ದಿದ್ದರೆ ಅವನನ್ನು ಅದೇ ಕಾಯುತ್ತಿತ್ತು.

ಇಂಥ ಪ್ರಕರಣಗಳಲ್ಲಿ ಹೈಕೋರ್ಟುಗಳು ಸಂವಿಧಾನದ 226ನೇ ವಿಧಿಯಡಿ ಪಾಲಕರನ್ನು ನೇಮಿಸಿವೆ. ನಿಮಗೆ ಧಾರವಾಡದಲ್ಲೇ ಹೈಕೋರ್ಟ್ ಪೀಠವಿದೆ. ಅರ್ಜಿಯ ಜೊತೆ ವೈದ್ಯಕೀಯ ದಾಖಲೆ, ಎಲ್ಲ ವಾರಸುದಾರರ ಪಟ್ಟಿ, ತಾಯಿ ಮತ್ತು ಅಣ್ಣನ ಒಪ್ಪಿಗೆಯ ಪ್ರಮಾಣಪತ್ರ, ತಂದೆಯ ಖಾತೆ ಮತ್ತು ಆಸ್ತಿಗಳ ವಿವರ ಇರಲಿ. ಬ್ಯಾಂಕನ್ನೂ ಎದುರುದಾರರನ್ನಾಗಿ ಸೇರಿಸಲು ವಕೀಲರಿಗೆ ಹೇಳಿ. ಖಾತೆ ಸಂಖ್ಯೆ ನಮೂದಿಸಿ, ಪಿಂಚಣಿ ತೆಗೆದು ಚಿಕಿತ್ಸೆಗೂ ಮನೆಖರ್ಚಿಗೂ ಬಳಸುವ ಅಧಿಕಾರವನ್ನು ಸ್ಪಷ್ಟವಾಗಿ ಕೇಳಿರಿ. ಬರೀ ‘ಪಾಲಕರು’ ಎಂದಿರುವ ಆದೇಶವನ್ನು ಕೌಂಟರಿನಲ್ಲಿ ಮತ್ತೆ ಪ್ರಶ್ನಿಸುತ್ತಾರೆ.

ಇದಕ್ಕೆ ಹೈಕೋರ್ಟಿನವರೆಗೆ ಏಕೆ ಹೋಗಬೇಕು ಎಂದು ನೀವು ಕೇಳಿದರೆ ನನ್ನ ಸಿಟ್ಟೂ ಅಲ್ಲೇ ಇದೆ. 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಜಿಲ್ಲಾ ನ್ಯಾಯಾಲಯವೇ ಇಂಥವರ ಆಸ್ತಿಗೆ ವ್ಯವಸ್ಥಾಪಕರನ್ನು ನೇಮಿಸಬಹುದಿತ್ತು. 2017ರ ಹೊಸ ಕಾಯ್ದೆ ಹಳೆಯದನ್ನು ರದ್ದುಮಾಡಿತು, ಆ ಅಧ್ಯಾಯವನ್ನು ಮಾತ್ರ ಮತ್ತೆ ಬರೆಯಲಿಲ್ಲ. ಹೊಸ ಕಾಯ್ದೆಯ ‘ನಾಮನಿರ್ದೇಶಿತ ಪ್ರತಿನಿಧಿ’ ಚಿಕಿತ್ಸೆಯ ಮಾತಾಡಬಹುದೇ ಹೊರತು ಬ್ಯಾಂಕಿನಲ್ಲಿ ಹಣ ಮುಟ್ಟುವಂತಿಲ್ಲ. 1999ರ ರಾಷ್ಟ್ರೀಯ ಟ್ರಸ್ಟ್ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವಿಕಲತೆಗೆ ಸೀಮಿತ, ಮುಪ್ಪಿನ ಮರೆವು ಅದರಲ್ಲಿಲ್ಲ. ಜೀವಮಾನವಿಡೀ ದುಡಿದು ಗಳಿಸಿದ ಪಿಂಚಣಿ ಖಾತೆಗೆ ತಿಂಗಳು ತಿಂಗಳು ಬೀಳುತ್ತಲೇ ಇರುತ್ತದೆ, ಪಕ್ಕದ ಕೋಣೆಯಲ್ಲಿ ಅದೇ ಮನುಷ್ಯನ ಔಷಧಿಗೆ ಮಕ್ಕಳು ಸಾಲ ಮಾಡುತ್ತಾರೆ. ಈ ಭಾಗದ ಶಾಸಕರು, ಸಂಸದರು ಯಾರಾದರೂ ಇದನ್ನು ಸದನದಲ್ಲಿ ಎತ್ತಲಿ, ಅವರ ಮಾತನ್ನು ನಾನು ಮುಖಪುಟದಲ್ಲಿ ಅಚ್ಚು ಹಾಕುತ್ತೇನೆ.